ಬಿ.ಪಿ. ಯಂತ್ರದ ಫೋಟೊ ಓದಲು ಮೂರು ದಾರಿ: ಕೊನೆಗೆ ಉಳಿದದ್ದು ಕಣ್ಣು ಮತ್ತು ನೋಟ್‌ಬುಕ್

ಒಂದು ವರ್ಷದ ಚಂದಾ ಕಟ್ಟಿ ತೆಗೆದುಕೊಂಡ ಆಪ್ ಅನ್ನು ಐದನೇ ವಾರಕ್ಕೆ ಅಳಿಸಿ ಹಾಕಿದೆ. ಬಿ.ಪಿ. ಯಂತ್ರದ ಪರದೆಯ ಫೋಟೊ ಕೊಟ್ಟರೆ ಮೂರು ಅಂಕಿಗಳನ್ನೂ ತಾನೇ ಓದಿ ಪಟ್ಟಿ ಮಾಡುತ್ತದೆ ಎಂಬುದು ಅದರ ಭರವಸೆ. ಅಮ್ಮ ಬೇರೆ ಊರಿನಲ್ಲಿದ್ದಾರೆ. ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ ನೋಡಿಕೊಂಡು ಫೋಟೊ ಕಳುಹಿಸುತ್ತಾರೆ. ದಿನಕ್ಕೆ ನಾಲ್ಕು ಫೋಟೊ, ಹನ್ನೆರಡು ಅಂಕಿ. ಕೈಯಿಂದ ಬರೆಯುವ ಕೆಲಸ ತಪ್ಪಲಿ ಎಂದು ಮೊದಲು ಆಪ್, ಆಮೇಲೆ ಕಂಪ್ಯೂಟರಿನ ಒಂದು ಚಿಕ್ಕ ತಂತ್ರಾಂಶ, ಎರಡನ್ನೂ ಪ್ರಯತ್ನಿಸಿದೆ. ಈಗ ಫೋಟೊವನ್ನು ನಾನೇ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ನನ್ನ ಒಲವು ಇದರ ಕಡೆಗೇ ಎಂದು ಮೊದಲೇ ಹೇಳಿಬಿಡುತ್ತೇನೆ.

ಆಪ್ ನನ್ನನ್ನು ದಾರಿ ತಪ್ಪಿಸಿದ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅಮ್ಮನ ಯಂತ್ರದಲ್ಲಿ ಮೇಲೆ ದೊಡ್ಡದಾಗಿ ಸಿಸ್ಟಾಲಿಕ್, ಅದರ ಕೆಳಗೆ ಅಷ್ಟೇ ದೊಡ್ಡದಾಗಿ ಡಯಾಸ್ಟಾಲಿಕ್ ಬರುತ್ತದೆ. ನಾಡಿಬಡಿತ ಎಡ ಮೂಲೆಯಲ್ಲಿ, ಡಯಾಸ್ಟಾಲಿಕ್‌ಗಿಂತ ಅರ್ಧ ಸಾಲು ಕೆಳಗೆ, ಚಿಕ್ಕ ಅಂಕಿಗಳಲ್ಲಿ ಬರುತ್ತದೆ. ಅಮ್ಮ ಒಂದು ಕೈಗೆ ಪಟ್ಟಿ ಕಟ್ಟಿಕೊಂಡೇ ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿಯುವುದರಿಂದ ಫೋಟೊ ಸ್ವಲ್ಪ ಓರೆಯಾಗಿ ಬೀಳುತ್ತದೆ. ಓರೆಯಾದಾಗ ಆ ಎರಡು ಅಂಕಿಗಳು ಒಂದೇ ಸಾಲಿನಲ್ಲಿರುವಂತೆ ಕಾಣುತ್ತವೆ. ಆಪ್ ಎಡದಿಂದ ಬಲಕ್ಕೆ ಓದುತ್ತಿತ್ತು. ಹಾಗಾಗಿ ಮೊದಲು ಸಿಕ್ಕಿದ ನಾಡಿಬಡಿತವನ್ನು ಡಯಾಸ್ಟಾಲಿಕ್ ಎಂದೂ, ಆಮೇಲೆ ಸಿಕ್ಕಿದ ಡಯಾಸ್ಟಾಲಿಕ್ ಅನ್ನು ನಾಡಿಬಡಿತ ಎಂದೂ ಬರೆದುಕೊಂಡಿತು.

ಪರದೆಯ ಮೇಲಿದ್ದದ್ದು 142, 88, ನಾಡಿ 72. ಪಟ್ಟಿಯಲ್ಲಿ ಬಂದದ್ದು 142, 72, ನಾಡಿ 88. ಎರಡನ್ನೂ ಇನ್ನೊಮ್ಮೆ ನೋಡಿ, ಎರಡೂ ನಂಬಬಹುದಾದ ಅಂಕಿಗಳೇ. ಮೇಲಿನ ಬಿ.ಪಿ. ಕೆಳಗಿನದಕ್ಕಿಂತ ಹೆಚ್ಚಿರಲೇಬೇಕು ಎಂಬ ನಿಯಮ ಎರಡಕ್ಕೂ ಹೊಂದುತ್ತದೆ. ಸಿಸ್ಟಾಲಿಕ್ ಜಾಗ ತಪ್ಪಿದ್ದರೆ ಲೆಕ್ಕ ಹಾಕಿ ಹಿಡಿಯಬಹುದಿತ್ತು. ಡಯಾಸ್ಟಾಲಿಕ್ ಮತ್ತು ನಾಡಿಬಡಿತ ಮಾತ್ರ ಹೆಚ್ಚಾಗಿ ಒಂದೇ ವ್ಯಾಪ್ತಿಯಲ್ಲಿ, ಅರವತ್ತರಿಂದ ತೊಂಬತ್ತರ ನಡುವೆ, ಓಡಾಡುವುದರಿಂದ ಅದಲುಬದಲಾದರೆ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಯಾವುದು ಯಾವ ಜಾಗದಲ್ಲಿತ್ತು, ಪಕ್ಕದಲ್ಲಿ SYS, DIA, PUL ಎಂಬ ಗುರುತುಗಳಲ್ಲಿ ಯಾವುದಿತ್ತು, ಹೃದಯದ ಚಿತ್ರ ಎಲ್ಲಿತ್ತು ಎಂದು ಪರದೆಯನ್ನೇ ನೋಡಬೇಕು.

ಇದು ಸಣ್ಣ ತಪ್ಪಲ್ಲ. ಮನೆಯಲ್ಲಿ ನೋಡಿದ ಸರಾಸರಿ 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದನ್ನು ಅಧಿಕ ರಕ್ತದೊತ್ತಡ ಎಂದು ಪರಿಗಣಿಸುತ್ತಾರೆ. 88 ಆ ಗಡಿಯ ಆಚೆಗಿನದು, 72 ಆರಾಮವಾಗಿ ಒಳಗಿನದು. ನಾಲ್ಕು ದಿನ ಹೀಗೆ ಬರೆದ ಪಟ್ಟಿಯನ್ನು ವೈದ್ಯರಿಗೆ ತೋರಿಸಿದೆ. ಅವರು ಬೆರಳಿಟ್ಟು, “ಮೇಲಿನದಕ್ಕೂ ಕೆಳಗಿನದಕ್ಕೂ 70ರ ಅಂತರವಿದೆಯಲ್ಲ, ಹಿಂದಿನ ವಾರ 54 ಇತ್ತು. ನಾಡಿಯೂ ಏರಿದೆ. ಮೂಲ ಫೋಟೊ ಇದೆಯೇ?” ಎಂದು ಕೇಳಿದರು. ಅಲ್ಲೇ ಮೊಬೈಲ್ ತೆರೆದು ತೋರಿಸಿದಾಗ ಗೊತ್ತಾಯಿತು. ಫೋಟೊಗಳನ್ನು ಅಳಿಸದೆ ಇಟ್ಟುಕೊಂಡಿದ್ದೇ ನಮ್ಮನ್ನು ಉಳಿಸಿತು. ತಪ್ಪು ಓದಿನ ಮೇಲೆ ಔಷಧಿಯ ಪ್ರಮಾಣ ಬದಲಾಗಿದ್ದರೆ ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಎರಡನೆಯ ದಾರಿ ssocr ಎಂಬ ಉಚಿತ ತಂತ್ರಾಂಶ. ಏಳು ಗೆರೆಗಳಿಂದ ರೂಪುಗೊಳ್ಳುವ ಅಂಕಿಗಳನ್ನು ಓದಲೆಂದೇ ಮಾಡಿದ್ದು. ಪ್ರತಿ ಸಾಲನ್ನೂ ಬೇರೆಯಾಗಿ ಕತ್ತರಿಸಿ ಕೊಡಬೇಕು. ಮೇಲಿನ ಸಾಲಿಗೆ ಹೀಗೆ:

```
ssocr -d 3 -t 40 crop 310 120 420 190 amma.png
```

ಮೂರು ಅಂಕಿ ಹುಡುಕು, ಕಪ್ಪು ಬಿಳುಪಿನ ಗಡಿಯನ್ನು ಶೇಕಡಾ 40ಕ್ಕೆ ಇಡು, ಚಿತ್ರದ ಇಷ್ಟು ಭಾಗವನ್ನು ಮಾತ್ರ ನೋಡು ಎಂದು ಇದರ ಅರ್ಥ. ಸಾಲು ಬೇರೆಯಾದ್ದರಿಂದ ಅದಲುಬದಲಿನ ತೊಂದರೆ ಇಲ್ಲವೇ ಇಲ್ಲ. ಆದರೆ ಅಮ್ಮನ ಕೈ ದಿನವೂ ಒಂದೇ ಜಾಗದಲ್ಲಿ ನಿಲ್ಲುವುದಿಲ್ಲವಲ್ಲ, ಪ್ರತಿ ಫೋಟೊಗೂ ಆ ನಾಲ್ಕು ಅಳತೆಗಳನ್ನು ಹೊಸದಾಗಿ ಕೊಡಬೇಕಾಗುತ್ತಿತ್ತು. ಓರೆ ಫೋಟೊದಲ್ಲಿ ಇನ್ನೊಂದು ತೊಡಕು ಇತ್ತು. 1 ಎಂಬುದನ್ನು ಅದು ಎತ್ತರ ಮತ್ತು ಅಗಲದ ಅನುಪಾತದಿಂದ ಗುರುತಿಸುತ್ತದೆ. ವಾಲಿದ 1 ಅಗಲವಾಗಿ ಕಂಡರೆ ಅದಕ್ಕೆ ಗುರುತು ಸಿಗುವುದಿಲ್ಲ. ಯಂತ್ರವನ್ನೂ ಮೊಬೈಲನ್ನೂ ಸ್ಟ್ಯಾಂಡಿಗೆ ಕಟ್ಟಿ ಇಡುವವರಿಗೆ ಇದು ಒಳ್ಳೆಯ ದಾರಿ. ನನಗೆ ಅಂಕಿ ಬರೆಯುವುದಕ್ಕಿಂತ ಕತ್ತರಿಸುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು.

ಬ್ಲೂಟೂತ್ ಇರುವ ಯಂತ್ರ ಕೊಂಡರೆ ಫೋಟೊವೇ ಬೇಡ, ನಿಜ. ಆದರೆ ಅಮ್ಮನಿಗೆ ಈ ಯಂತ್ರದ ಗುಂಡಿ ಅಭ್ಯಾಸವಾಗಿದೆ, ಕೆಟ್ಟೂ ಇಲ್ಲ. ಇನ್ನೊಂದಕ್ಕೆ ಹಣ ಹಾಕುವ ಮನಸ್ಸಾಗಲಿಲ್ಲ.

ಇನ್ನು ಕಣ್ಣಿನ ಓದು. ಇದಕ್ಕೂ ಮೋಸವಾಗುತ್ತದೆ. ಏಳು ಗೆರೆಗಳ ಅಂಕಿಯಲ್ಲಿ ಒಂದೇ ಒಂದು ಗೆರೆ ಕಾಣದೆ ಹೋದರೆ ಇನ್ನೊಂದು ಅಂಕಿಯೇ ಆಗಿಬಿಡುತ್ತದೆ. 8ರ ನಡುಗೆರೆ ಹೋದರೆ 0. ಬಲಭಾಗದ ಮೇಲಿನ ಗೆರೆ ಹೋದರೆ 6, ಎಡಭಾಗದ ಕೆಳಗಿನದು ಹೋದರೆ 9. 7ರ ತಲೆಗೆರೆ ಹೋದರೆ 1. ಒಂದು ಸಂಜೆ ಅಮ್ಮ ಕಳುಹಿಸಿದ್ದನ್ನು ನಾನು 140 ಎಂದು ಬರೆದುಕೊಂಡೆ. ದೊಡ್ಡದು ಮಾಡಿ ನೋಡಿದರೆ ಟ್ಯೂಬ್‌ಲೈಟಿನ ಬೆಳಕು ಕೊನೆಯ ಅಂಕಿಯ ನಟ್ಟನಡುವೆ ಚುಕ್ಕೆಯಂತೆ ಬಿದ್ದಿತ್ತು. ಅಲ್ಲಿ ಪರದೆಯ ಬೂದು ಬಣ್ಣವೇ ಇರಲಿಲ್ಲ, ಬಿಳಿ ಮಾತ್ರ. ಅಂದ ಮೇಲೆ ಆ ಜಾಗದಲ್ಲಿ ಗೆರೆ ಇತ್ತೋ ಇಲ್ಲವೋ ಎಂದು ಹೇಳುವುದು ಸಾಧ್ಯವೇ ಇಲ್ಲ. ಅಮ್ಮನಿಗೆ ಫೋನ್ ಮಾಡಿ ಯಂತ್ರದ ನೆನಪಿನಲ್ಲಿದ್ದದ್ದನ್ನು ತೆಗೆಸಿದೆ. 148 ಇತ್ತು.

ಆ ದಿನದಿಂದ ನನ್ನ ನಿಯಮ ಇಷ್ಟೇ: ಅಂಕಿಯ ಮೇಲೆ ಬಿಳಿ ಹೊಳಪು ಬಿದ್ದಿದ್ದರೆ ಊಹಿಸುವುದಿಲ್ಲ, ಪ್ರಶ್ನಾರ್ಥಕ ಚಿಹ್ನೆ ಹಾಕಿ ಇನ್ನೊಂದು ಫೋಟೊ ಕೇಳುತ್ತೇನೆ. ನೆನಪಿನಿಂದ ತೆಗೆಯುವಾಗಲೂ ಒಂದು ಎಚ್ಚರ ಬೇಕು. ಹಲವು ಯಂತ್ರಗಳು ನೆನಪಿನ ಗುಂಡಿ ಒತ್ತಿದ ಕೂಡಲೇ ಹಿಂದಿನ ಮೂರು ಓದುಗಳ ಸರಾಸರಿಯನ್ನು ತೋರಿಸುತ್ತವೆ. ಹಾಗಾಗಿ ಮೂಲೆಯಲ್ಲಿ ಸರಾಸರಿಯ ಗುರುತು ಇದೆಯೇ, ಗಂಟೆ ಹೊಂದುತ್ತದೆಯೇ ಎಂದು ನೋಡಿಕೊಳ್ಳುತ್ತೇನೆ. ಪರದೆಯಲ್ಲಿ ಒಂದೇ ಅಂಕಿ ಇದ್ದು ಉಳಿದ ಸಾಲುಗಳು ಖಾಲಿ ಇದ್ದರೆ ಅದು ಓದಲ್ಲ, ಪಟ್ಟಿಯೊಳಗಿನ ಗಾಳಿಯ ಆ ಕ್ಷಣದ ಒತ್ತಡ.

ಕಣ್ಣಿನ ಓದು ನನಗೆ ಹಿಡಿಸಿದ್ದಕ್ಕೆ ನಿಜವಾದ ಕಾರಣ ಅಂಕಿಗಳ ಆಚೆಗಿದೆ. ಆಪ್ ಪರದೆಯನ್ನು ಮಾತ್ರ ಇಟ್ಟುಕೊಂಡು ಸುತ್ತಲಿನದ್ದನ್ನು ಕತ್ತರಿಸಿ ಎಸೆಯುತ್ತಿತ್ತು. ಫೋಟೊದ ಅಂಚಿನಲ್ಲಿ ನನಗೆ ಬೇರೆ ಸಂಗತಿಗಳು ಕಾಣುತ್ತವೆ. ಒಂದು ಬೆಳಿಗ್ಗೆ ಯಂತ್ರ ಅಮ್ಮನ ತೊಡೆಯ ಮೇಲಿತ್ತು, ಪಟ್ಟಿ ಕಟ್ಟಿದ ತೋಳು ಆಸರೆಯಿಲ್ಲದೆ ಇಳಿಬಿದ್ದಿತ್ತು. ತೋಳಿನ ಪಟ್ಟಿ ಹೃದಯದ ಮಟ್ಟಕ್ಕಿಂತ 10 ಸೆಂ.ಮೀ. ಕೆಳಗಿದ್ದರೆ ಓದು ಸುಮಾರು 7ರಿಂದ 8 ಮಿ.ಮೀ. ಪಾದರಸದಷ್ಟು ಹೆಚ್ಚು ಬರುತ್ತದೆ. ಅದು ರಕ್ತದ ಕಂಬದ ಭಾರ, ಅಷ್ಟೇ. ಆವತ್ತಿನ 150ನ್ನು ಬರೆದು ಪಕ್ಕದಲ್ಲಿ “ತೋಳು ಕೆಳಗೆ” ಎಂದು ಸೇರಿಸಿದೆ. ಇನ್ನೊಂದು ದಿನ ಪಟ್ಟಿ ಸ್ವೆಟರಿನ ತೋಳಿನ ಮೇಲೆಯೇ ಸುತ್ತಿತ್ತು. ಅದನ್ನು ಸರಾಸರಿಗೆ ಸೇರಿಸಲಿಲ್ಲ.

ಫೋಟೊದಲ್ಲಿ ಎಂದೂ ಕಾಣದ ಸಂಗತಿಗಳೂ ಇವೆ. ಐದು ನಿಮಿಷ ಸುಮ್ಮನೆ ಕುಳಿತಿದ್ದರೇ, ಅಳತೆಯ ನಡುವೆ ಮಾತನಾಡಿದರೇ, ಅರ್ಧ ಗಂಟೆಯೊಳಗೆ ಕಾಫಿ ಕುಡಿದಿದ್ದರೇ, ಪಟ್ಟಿಯ ಗಾತ್ರ ತೋಳಿನ ಸುತ್ತಳತೆಗೆ ಸರಿಯಿದೆಯೇ? ಪಟ್ಟಿ ಚಿಕ್ಕದಾದರೆ ಅಂಕಿ ಸುಳ್ಳಾಗಿ ಏರುತ್ತದೆ. ಇವನ್ನು ಕೇಳಿಯೇ ತಿಳಿಯಬೇಕು, ನಾನು ಕೇಳುತ್ತೇನೆ.

ಯಂತ್ರಕ್ಕೂ ಮಿತಿ ಇದೆ. ಅದು ಪಟ್ಟಿಯೊಳಗಿನ ಗಾಳಿಯ ಮಿಡಿತಗಳನ್ನು ಗಮನಿಸಿ, ಅವುಗಳ ಏರಿಳಿತದಿಂದ ಮೇಲಿನ ಮತ್ತು ಕೆಳಗಿನ ಬಿ.ಪಿ.ಯನ್ನು ಲೆಕ್ಕ ಹಾಕುತ್ತದೆ, ನೇರವಾಗಿ ಅಳೆಯುವುದಿಲ್ಲ. ISO 81060-2 ಎಂಬ ಪರೀಕ್ಷಾ ಮಾನದಂಡದಲ್ಲಿ ತೇರ್ಗಡೆಯಾದ ಯಂತ್ರಕ್ಕೂ ಸರಾಸರಿ ವ್ಯತ್ಯಾಸ 5 ಮಿ.ಮೀ.ವರೆಗೆ, ಅದರ ಚದುರುವಿಕೆ 8 ಮಿ.ಮೀ.ವರೆಗೆ ಇರಲು ಅವಕಾಶವಿದೆ. ಹಾಗಾಗಿ ನಿನ್ನೆ 138, ಇವತ್ತು 141 ಎಂದು ಅಮ್ಮ ಗಾಬರಿಯಾದಾಗ ಆ ಮೂರಕ್ಕೆ ಅರ್ಥವಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ. ಬಡಿತ ಅನಿಯಮಿತವಾಗಿದೆ ಎಂಬ ಚಿಹ್ನೆ ಬಂದರೆ ಮಾತ್ರ ಅದನ್ನೂ ಬರೆದಿಡುತ್ತೇನೆ. ಬಡಿತ ತಾಳ ತಪ್ಪಿದಾಗ ದುರ್ಬಲ ಮಿಡಿತಗಳು ತೋಳಿನವರೆಗೆ ಮುಟ್ಟದೆ ನಾಡಿಯ ಎಣಿಕೆ ಕಡಿಮೆ ಬರಬಹುದು, ಬಿ.ಪಿ. ಅಂಕಿಗಳೂ ಅಷ್ಟಾಗಿ ನೆಚ್ಚುವಂತಿರುವುದಿಲ್ಲ. ಪದೇ ಪದೇ ಬಂದರೆ ವೈದ್ಯರಿಗೆ ತಿಳಿಸಬೇಕು. 180/120 ದಾಟಿದರೆ ಐದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಬೇಕು. ಜೊತೆಗೆ ಎದೆನೋವು, ಉಸಿರಾಟದ ತೊಂದರೆ, ಕೈಕಾಲಿನಲ್ಲಿ ಬಲಹೀನತೆ, ಮಾತಿನ ತೊದಲು ಇದ್ದರೆ ಫೋಟೊ ಕಳುಹಿಸುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು ಎಂದು ಅಮ್ಮನಿಗೂ ಪಕ್ಕದ ಮನೆಯವರಿಗೂ ಹೇಳಿಟ್ಟಿದ್ದೇನೆ.

ಅಮ್ಮ ಈಗ ಟ್ಯೂಬ್‌ಲೈಟಿಗೆ ಬೆನ್ನು ಹಾಕಿ ಕೂರುತ್ತಾರೆ, ಯಂತ್ರ ಮೇಜಿನ ಮೇಲೆ, ಮೊಬೈಲ್ ಪರದೆಗೆ ನೇರವಾಗಿ. ಈ ಬೆಳಿಗ್ಗೆಯ ನನ್ನ ಸಾಲು ಹೀಗಿದೆ: ಮೊದಲ ಸಲ 148/86, ನಾಡಿ 74. ಒಂದು ನಿಮಿಷ ಬಿಟ್ಟು 142/84, ನಾಡಿ 72. ಸರಾಸರಿ 145/85, ನಾಡಿ 73. ತೋಳು ಮೇಜಿನ ಮೇಲೆ, ಚಿಹ್ನೆಗಳಿಲ್ಲ, ಕಾಫಿಗೆ ಮುಂಚೆ. ಬರೆಯಲು ಒಂದೂವರೆ ನಿಮಿಷ ಹಿಡಿಯಿತು. ಇಂಥ ಏಳು ದಿನದ ಸಾಲುಗಳಲ್ಲಿ ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿಯನ್ನು, ಮೂಲ ಫೋಟೊಗಳ ಸಮೇತ, ಸೋಮವಾರ ವೈದ್ಯರ ಬಳಿ ಒಯ್ಯುತ್ತೇನೆ.