‘ನಾನ್-ಕಂಪೀಟ್ ಕೋರ್ಟಲ್ಲಿ ನಿಲ್ಲಲ್ಲ’ ಅಂತ ನಂಬಿ ಕಸ್ಟಮರ್ ಲಿಸ್ಟ್ ಹೊತ್ತುಕೊಂಡು ಹೋಗಬೇಡಿ

ಕೆಲಸ ಬಿಡುವವರಿಗೆ ಆಫೀಸಿನಲ್ಲಿ ಯಾರಾದರೊಬ್ಬರು ಧೈರ್ಯ ಹೇಳಿಯೇ ಹೇಳುತ್ತಾರೆ: ‘ಆ ಬಾಂಡು ಗೀಂಡು ಎಲ್ಲ ನಡೆಯಲ್ಲ, ಸೆಕ್ಷನ್ 27 ಇದೆ, ಆರಾಮಾಗಿ ಹೋಗು.’ ಮಾತು ಅರ್ಧ ಸರಿ. ಉಳಿದರ್ಧ ಗೊತ್ತಿಲ್ಲದೆ ಒಬ್ಬ ಸೇಲ್ಸ್ ಎಂಜಿನಿಯರ್ ಹೊಸ ಕೆಲಸವನ್ನೇ ಕಳೆದುಕೊಂಡರು. ಅವರಿಗೆ ಆದದ್ದೇನು ಅಂತ ಇಲ್ಲಿ ಬರೆಯುತ್ತಿದ್ದೇವೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇವೆ.

ಪೀಣ್ಯದಲ್ಲಿ ಕಟಿಂಗ್ ಟೂಲ್ಸ್ ಮಾರುವ ಒಂದು ಕಂಪನಿ. ಸಿಎನ್‌ಸಿ ಮೆಷಿನ್‌ಗೆ ಹಾಕುವ ಇನ್ಸರ್ಟ್, ಡ್ರಿಲ್, ಹೋಲ್ಡರ್ ಇಂಥವು. ಇವರು ಪೀಣ್ಯ, ಬೊಮ್ಮಸಂದ್ರದ ಶಾಪ್‌ಗಳನ್ನು ನೋಡಿಕೊಳ್ಳುತ್ತಿದ್ದರು. ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ ಒಂದರ ಕೆಳಗೊಂದು ಮೂರು ಷರತ್ತು ಇದ್ದವು. ಮೊದಲನೆಯದು, ಬಿಟ್ಟ ಮೇಲೆ ಎರಡು ವರ್ಷ ಪ್ರತಿಸ್ಪರ್ಧಿ ಕಂಪನಿ ಸೇರುವಂತಿಲ್ಲ. ಎರಡನೆಯದು, ಕಂಪನಿಯ ಗೌಪ್ಯ ಮಾಹಿತಿಯನ್ನು ಬಳಸುವಂತಿಲ್ಲ, ಯಾರಿಗೂ ಕೊಡುವಂತಿಲ್ಲ. ಮೂರನೆಯದು, 12 ತಿಂಗಳ ತನಕ ಕಂಪನಿಯ ಗ್ರಾಹಕರನ್ನಾಗಲಿ ನೌಕರರನ್ನಾಗಲಿ ತನ್ನ ಕಡೆಗೆ ಸೆಳೆಯುವಂತಿಲ್ಲ. ಇವರು ಮೂರನ್ನೂ ಸೇರಿಸಿ ‘ನಾನ್-ಕಂಪೀಟ್’ ಎಂದುಕೊಂಡರು. ನಾನ್-ಕಂಪೀಟ್ ಎಂದರೆ ಮೊದಲನೆಯದು ಮಾತ್ರ. ಎಡವಿದ್ದು ಅಲ್ಲೇ.

ಮೊದಲ ಷರತ್ತಿನ ವಿಷಯದಲ್ಲಿ ಅವರ ಲೆಕ್ಕ ಸರಿಯಾಗಿತ್ತು. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಯಾರೇ ಆಗಲಿ ತನ್ನ ನ್ಯಾಯಬದ್ಧ ಉದ್ಯೋಗ, ವ್ಯಾಪಾರ ಮಾಡದಂತೆ ತಡೆಯುವ ಕರಾರು ಆ ಮಟ್ಟಿಗೆ ಅನೂರ್ಜಿತ. ಕಾಯ್ದೆಯಲ್ಲೇ ಇರುವ ವಿನಾಯಿತಿ ವ್ಯಾಪಾರವನ್ನು ಅದರ ಗುಡ್‌ವಿಲ್ ಸಮೇತ ಮಾರಿದವರಿಗೆ ಸಂಬಂಧಿಸಿದ್ದು, ಸಂಬಳದ ನೌಕರರಿಗಲ್ಲ. ಕ್ರಿಕೆಟಿಗ ಜಹೀರ್ ಖಾನ್ ವಿರುದ್ಧ ಅವರ ಹಳೆಯ ಏಜೆನ್ಸಿ ಪರ್ಸೆಪ್ಟ್ ಡಿ’ಮಾರ್ಕ್ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಇದನ್ನೇ ಹೇಳಿತು: ಕರಾರು ಮುಗಿದ ಮೇಲೂ ಮುಂದುವರಿಯುವ ಇಂಥ ನಿರ್ಬಂಧ ನಿಲ್ಲುವುದಿಲ್ಲ. ನಿರ್ಬಂಧ ಎರಡು ವರ್ಷದ್ದಾದರೂ ಅಷ್ಟೇ, ಆರು ತಿಂಗಳದ್ದಾದರೂ ಅಷ್ಟೇ. ‘ಅವಧಿ ಚಿಕ್ಕದು, ಹಾಗಾಗಿ ನ್ಯಾಯಯುತ’ ಎನ್ನುವ ವಾದಕ್ಕೆ ನೌಕರಿ ಬಿಟ್ಟ ನಂತರದ ಕಾಲಕ್ಕೆ ಇಲ್ಲಿ ಬೆಲೆಯಿಲ್ಲ.

ಆದರೆ ‘ಬಿಟ್ಟ ಮೇಲೆ’ ಎನ್ನುವ ಮಾತನ್ನು ಗಮನಿಸಿ. ಕೆಲಸದಲ್ಲಿರುವಾಗ ಬೇರೆಯವರಿಗೆ ದುಡಿಯಬಾರದು ಎನ್ನುವ ಷರತ್ತು ಪೂರ್ತಿ ಊರ್ಜಿತ. 1967ರಲ್ಲೇ ಸುಪ್ರೀಂ ಕೋರ್ಟ್ ಗೋಲಿಕಾರಿ ಪ್ರಕರಣದಲ್ಲಿ ಅದನ್ನು ಎತ್ತಿಹಿಡಿದಿದೆ. ನೋಟಿಸ್ ಪೀರಿಯಡ್ ಕೂಡ ನೌಕರಿಯೇ. ರಾಜೀನಾಮೆ ಮೇಲ್ ಕಳಿಸಿದ ದಿನದಿಂದ ಸ್ವತಂತ್ರ ಅಂದುಕೊಂಡು ಹೊಸ ಕಂಪನಿಯವರ ಜೊತೆ ಕಸ್ಟಮರ್ ವಿಸಿಟ್‌ಗೆ ಹೋದವರು ಸೆಕ್ಷನ್ 27ರ ನೆರಳಿಗೆ ಬರುವುದಿಲ್ಲ. ಇನ್ನೊಂದು ಗೊಂದಲವೂ ಈಚೆಗೆ ಹಬ್ಬಿದೆ. ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಮೇನಲ್ಲಿ 2 ಲಕ್ಷ ರೂಪಾಯಿಯ ಬಾಂಡನ್ನು ಎತ್ತಿಹಿಡಿದಾಗ, ನಾನ್-ಕಂಪೀಟ್‌ಗೆ ಜೀವ ಬಂತು ಎಂದು ಕೆಲವು ಎಚ್‌ಆರ್‌ಗಳೇ ಹೇಳಿಕೊಂಡು ತಿರುಗಿದರು. ಅದು ಮೂರು ವರ್ಷ ಇದ್ದೇ ಹೋಗಬೇಕು, ಇಲ್ಲವಾದರೆ ಹಣ ಕಟ್ಟಬೇಕು ಎನ್ನುವ ಬಾಂಡು. ಬಿಟ್ಟ ಮೇಲೆ ಎಲ್ಲಿಗೆ ಹೋಗಬಹುದು ಎಂಬ ಪ್ರಶ್ನೆಯನ್ನು ಅದು ಮುಟ್ಟುವುದಿಲ್ಲ.

ಈಗ ನಮ್ಮ ಸೇಲ್ಸ್ ಎಂಜಿನಿಯರ್ ಮಾಡಿದ್ದೇನು ನೋಡಿ. ಕೊನೆಯ ವಾರ ಒಂದು ಎಕ್ಸೆಲ್ ಫೈಲನ್ನು ತಮ್ಮ ಜಿಮೇಲ್‌ಗೆ ಫಾರ್ವರ್ಡ್ ಮಾಡಿಕೊಂಡರು. ಅದರಲ್ಲಿ ಸುಮಾರು 200 ಶಾಪ್‌ಗಳ ಹೆಸರು, ಯಾವ ಶಾಪ್ ಯಾವ ಗ್ರೇಡ್ ಇನ್ಸರ್ಟ್ ತಿಂಗಳಿಗೆ ಎಷ್ಟು ಬಾಕ್ಸ್ ತೆಗೆದುಕೊಳ್ಳುತ್ತದೆ, ಯಾರಿಗೆ ಎಷ್ಟು ಡಿಸ್ಕೌಂಟ್, ಯಾರ ರೇಟ್ ಕಾಂಟ್ರ್ಯಾಕ್ಟ್ ಯಾವ ತಿಂಗಳು ಮುಗಿಯುತ್ತದೆ, ಎಲ್ಲ ಇತ್ತು. ರಿಲೀವ್ ಆಗುವ ದಿನ ‘ಕಂಪನಿಯ ಎಲ್ಲ ಮಾಹಿತಿ ವಾಪಸ್ ಮಾಡಿದ್ದೇನೆ, ನನ್ನ ಬಳಿ ಏನೂ ಇಲ್ಲ’ ಎಂಬ ಪತ್ರಕ್ಕೆ ಓದದೆ ಸಹಿ ಹಾಕಿದರು. ಹೊಸ ಕಂಪನಿ ಸೇರಿದ ಮೇಲೆ ನಲವತ್ತು ಪರ್ಚೇಸ್ ಮ್ಯಾನೇಜರ್‌ಗಳಿಗೆ ವಾಟ್ಸಾಪ್ ಬ್ರಾಡ್‌ಕಾಸ್ಟ್ ಹೋಯಿತು: ‘ಸರ್, ಈಗ ಇಂಥ ಕಡೆ ಇದ್ದೇನೆ. ನಿಮಗೆ ಈಗ ಬರ್ತಿರೋ ರೇಟ್‌ಗಿಂತ 6% ಕಡಿಮೆಗೆ ಕೊಡಿಸ್ತೀನಿ.’

ಅವರಲ್ಲೊಬ್ಬರು ಆ ಮೆಸೇಜನ್ನು ಹಳೇ ಕಂಪನಿಯ ಮಾಲೀಕರಿಗೇ ಕಳಿಸಿದರು. ಬಹುತೇಕ ಪ್ರಕರಣಗಳು ಹೊರಬರುವುದು ಹೀಗೇ. ಪರ್ಚೇಸ್‌ನವರಿಗೆ ಎರಡೂ ಕಡೆ ರೇಟ್ ಎಳೆದಾಡಲು ಇದು ಒಳ್ಳೆಯ ಅಸ್ತ್ರ. ‘ಈಗ ಬರ್ತಿರೋ ರೇಟ್‌ಗಿಂತ’ ಎಂಬ ನಾಲ್ಕಾರು ಅಕ್ಷರ ಓದಿದ ತಕ್ಷಣ, ಹಳೇ ರೇಟ್ ಪಟ್ಟಿ ಇವರ ಕೈಯಲ್ಲಿದೆ ಎಂದು ಮಾಲೀಕರಿಗೆ ಗೊತ್ತಾಯಿತು. ಮೇಲ್ ಸರ್ವರಿನ ಲಾಗ್ ತೆಗೆಸಿದರು. ಯಾವ ದಿನ, ಎಷ್ಟು ಗಂಟೆಗೆ, ಯಾವ ವಿಳಾಸಕ್ಕೆ, ಯಾವ ಫೈಲ್ ಹೋಗಿದೆ ಎಂಬುದೆಲ್ಲ ಒಂದೇ ಸಾಲಿನಲ್ಲಿ ಸಿಕ್ಕಿತು.

ಲೀಗಲ್ ನೋಟಿಸ್ ಬಂತು. ಇವರು ಗಾಬರಿಯಾಗಿ ಜಿಮೇಲ್‌ನಿಂದ ಆ ಫೈಲ್ ಡಿಲೀಟ್ ಮಾಡಿದರು. ಇದಕ್ಕಿಂತ ಕೆಟ್ಟ ಹೆಜ್ಜೆ ಇನ್ನೊಂದಿಲ್ಲ. ಕಳಿಸಿದ ಕಡೆ ದಾಖಲೆ ಹಾಗೇ ಇರುತ್ತದೆ, ಜೊತೆಗೆ ‘ಸಾಕ್ಷ್ಯ ನಾಶ ಮಾಡಿದ್ದಾರೆ’ ಎಂಬ ಹೊಸ ಆರೋಪ ಸೇರಿಕೊಳ್ಳುತ್ತದೆ. ಹಳೇ ಕಂಪನಿ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿ, ಹೊಸ ಕಂಪನಿಯನ್ನು ಎರಡನೇ ಪ್ರತಿವಾದಿ ಮಾಡಿತು. ಇವರನ್ನು ಕೇಳುವ ಮೊದಲೇ ಮಧ್ಯಂತರ ತಡೆಯಾಜ್ಞೆ ಸಿಕ್ಕಿತು.

ಆ ಆದೇಶದಲ್ಲಿ ಏನಿತ್ತು ಎನ್ನುವುದೇ ಇಲ್ಲಿ ಮುಖ್ಯ. ಹೊಸ ಕಂಪನಿಯಲ್ಲಿ ಕೆಲಸ ಮಾಡಬಾರದು ಎಂಬ ಕೋರಿಕೆಗೆ ಕೋರ್ಟ್ ಒಪ್ಪಲಿಲ್ಲ. ಆ ಪಟ್ಟಿಯನ್ನು ಬಳಸಬಾರದು, ಹಳೇ ಕಂಪನಿಯ ಗ್ರಾಹಕರನ್ನು ಸೆಳೆಯಲು ಸಂಪರ್ಕಿಸಬಾರದು ಎಂದಷ್ಟೇ ಹೇಳಿತು. 2009ರಲ್ಲಿ ದೆಹಲಿ ಹೈಕೋರ್ಟ್ ಡೆಸಿಕೆಂಟ್ ರೋಟರ್ಸ್ ಪ್ರಕರಣದಲ್ಲಿ ಒಬ್ಬ ಮಾರ್ಕೆಟಿಂಗ್ ಮ್ಯಾನೇಜರ್ ವಿಷಯದಲ್ಲಿ ಎಳೆದ ಗೆರೆಯೂ ಇದೇ: ಹೊಟ್ಟೆಪಾಡಿನ ಹಕ್ಕು ದೊಡ್ಡದು, ಕೆಲಸ ಮಾಡಲಿ, ಆದರೆ ಹಳೇ ಕಂಪನಿಯ ಗ್ರಾಹಕರನ್ನು, ಸರಬರಾಜುದಾರರನ್ನು ಸೆಳೆಯಲು ಹೋಗದಿರಲಿ. ಅಂದರೆ ಕಾನೂನಿನಲ್ಲಿ ಇವರು ನಾನ್-ಕಂಪೀಟ್ ಗೆದ್ದರು. ಆದರೆ ಇವರ ಕೆಲಸವೇ ಆ ಇನ್ನೂರು ಶಾಪ್‌ಗಳಾಗಿದ್ದವು. ಹೊಸ ಕಂಪನಿಯ ಆಫರ್ ಲೆಟರ್‌ನಲ್ಲಿ ‘ಹಿಂದಿನ ಕಂಪನಿಯ ಯಾವ ಮಾಹಿತಿಯನ್ನೂ ತಂದಿಲ್ಲ’ ಎಂದು ಬರೆದುಕೊಟ್ಟಿದ್ದರು. ಪ್ರೊಬೇಷನ್‌ನಲ್ಲೇ ಮನೆಗೆ ಕಳಿಸಿದರು.

ಗೌಪ್ಯತೆ ಎಂದರೆ ತಲೆಯಲ್ಲಿರುವುದನ್ನೆಲ್ಲ ಮರೆಯಬೇಕು ಎಂದಲ್ಲ. ಯಾವ ಸ್ಟೀಲಿಗೆ ಯಾವ ಗ್ರೇಡ್ ಇನ್ಸರ್ಟ್ ಸರಿ, ಸ್ಪೀಡು ಫೀಡು ಎಷ್ಟಿಡಬೇಕು ಎನ್ನುವುದು ನಿಮ್ಮ ಕಸುಬು, ಅದನ್ನು ಯಾರೂ ಕಿತ್ತುಕೊಳ್ಳಲಾರರು. ಬೊಮ್ಮಸಂದ್ರದಲ್ಲಿ ಯಾವ ಶಾಪ್ ಇದೆ ಎನ್ನುವುದು ಬೋರ್ಡ್ ನೋಡಿದವರಿಗೆಲ್ಲ ಗೊತ್ತು. ಅಮೆರಿಕನ್ ಎಕ್ಸ್‌ಪ್ರೆಸ್ ಬ್ಯಾಂಕ್ ತನ್ನ ಮಾಜಿ ಅಧಿಕಾರಿಯ ವಿರುದ್ಧ ಗ್ರಾಹಕರ ಹೆಸರೇ ರಹಸ್ಯ ಎಂದು ವಾದಿಸಿದಾಗ ದೆಹಲಿ ಹೈಕೋರ್ಟ್ ಒಪ್ಪಲಿಲ್ಲ. ಆದರೆ ಹೆಸರಿನ ಪಕ್ಕದಲ್ಲಿ ಡಿಸ್ಕೌಂಟು, ತಿಂಗಳ ಬಳಕೆ, ರೇಟ್ ಮುಗಿಯುವ ತಿಂಗಳು ಬಂದ ಕೂಡಲೇ ಅದು ಹಣ, ಶ್ರಮ ಹಾಕಿ ಕಟ್ಟಿದ ಮಾಹಿತಿಯಾಗುತ್ತದೆ. ಫೈಲನ್ನು ಅನುಮತಿಯಿಲ್ಲದೆ ಕಾಪಿ ಮಾಡಿಕೊಂಡದ್ದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಸೆಕ್ಷನ್‌ಗೂ ಬರಬಹುದು. ಅಲ್ಲಿಗೆ ಸಿವಿಲ್ ವ್ಯಾಜ್ಯ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುತ್ತದೆ: ಮೂರು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಸಾಮಾನ್ಯವಾಗಿ ಗೌಪ್ಯತೆಯ ಷರತ್ತಿಗೆ 12 ತಿಂಗಳು, 24 ತಿಂಗಳು ಎಂಬ ಗಡುವೂ ಇರುವುದಿಲ್ಲ. ಮಾಹಿತಿ ಗುಟ್ಟಾಗಿರುವ ತನಕ ಬಾಧ್ಯತೆ ಇರುತ್ತದೆ.

ಸೆಳೆಯುವ ವಿಷಯದಲ್ಲಿ ಕೋರ್ಟ್ ಕೇಳುವ ಮೊದಲ ಪ್ರಶ್ನೆ: ಮೊದಲು ಹೋದವರು ಯಾರು? ಲಿಂಕ್ಡ್‌ಇನ್‌ನಲ್ಲಿ ಹೊಸ ಹುದ್ದೆ ಹಾಕಿಕೊಳ್ಳುವುದನ್ನೇ ಸೆಳೆಯುವುದು ಎನ್ನಲಾಗದು. ಹೆಸರು ಹಿಡಿದು ಒಬ್ಬೊಬ್ಬರಿಗೂ ರೇಟ್ ಕಳಿಸುವುದು ಖಂಡಿತ ಸೆಳೆಯುವುದೇ. ಗ್ರಾಹಕರೇ ತಾವಾಗಿ ಫೋನ್ ಮಾಡಿದರೆ ಪರಿಸ್ಥಿತಿ ಬೇರೆ, ಆದರೆ ಅದನ್ನು ತೋರಿಸುವ ದಾಖಲೆ ನಿಮ್ಮ ಬಳಿ ಇರಬೇಕು. ‘ಎನ್‌ಕ್ವೈರಿ ಮೇಲ್‌ನಲ್ಲಿ ಕಳಿಸಿ ಸರ್’ ಎಂದು ಕೇಳಿ, ಅವರ ಮೇಲ್ ಮೊದಲು ಬರಲಿ, ನಿಮ್ಮ ಕೊಟೇಶನ್ ಆಮೇಲೆ ಹೋಗಲಿ. ಷರತ್ತಿನಲ್ಲಿ ‘ಸೆಳೆಯಬಾರದು’ ಎಂದಿದೆಯೋ ‘ವ್ಯವಹರಿಸಲೇಬಾರದು’ ಎಂದಿದೆಯೋ ನೋಡಿ. ಎರಡನೆಯದು ಗ್ರಾಹಕರು ತಾವಾಗಿ ಬಂದರೂ ಬಾಗಿಲು ಮುಚ್ಚುವ ಮಾತು. ನಾನ್-ಕಂಪೀಟ್‌ಗೆ ಹತ್ತಿರವಾದ್ದರಿಂದ ಸೆಕ್ಷನ್ 27ರ ಏಟಿಗೆ ಸಿಗುವ ಸಾಧ್ಯತೆ ಹೆಚ್ಚು.

ಹಾಗಾಗಿ ರಾಜೀನಾಮೆ ಕೊಡುವ ಮೊದಲು ಅಪಾಯಿಂಟ್‌ಮೆಂಟ್ ಲೆಟರ್, ಆಮೇಲೆ ಸಹಿ ಹಾಕಿದ ಎನ್‌ಡಿಎ ಎಂಬ ಗೌಪ್ಯತೆಯ ಕರಾರು, ಇದ್ದರೆ ಷೇರು ಕೊಟ್ಟ ಪತ್ರ, ಎಲ್ಲ ತೆಗೆದಿಟ್ಟು ಓದಿ. ಷೇರಿನ ಪತ್ರದಲ್ಲಿ ಮೂಲ ಲೆಟರ್‌ಗಿಂತ ಉದ್ದನೆಯ ಷರತ್ತು ಅಡಗಿರುವುದು ಅಪರೂಪವಲ್ಲ. ಕಂಪನಿಯ ಫೈಲ್ ಈಗಾಗಲೇ ನಿಮ್ಮ ಜಿಮೇಲ್‌ನಲ್ಲೋ ಪೆನ್‌ಡ್ರೈವ್‌ನಲ್ಲೋ ಇದ್ದರೆ ಮುಟ್ಟಬೇಡಿ. ಏನೇನಿದೆ ಎಂದು ಎಚ್‌ಆರ್‌ಗೆ ಮೇಲ್ ಬರೆದು, ಅವರ ಐಟಿಯವರ ಎದುರಿಗೇ ಅಳಿಸಿ, ಅಳಿಸಿದ್ದಕ್ಕೆ ಮರುಮೇಲ್ ಪಡೆಯಿರಿ. ಅದಾದ ಮೇಲೆಯೇ ಎಕ್ಸಿಟ್ ಡಿಕ್ಲರೇಶನ್‌ಗೆ ಸಹಿ. ಫೋನ್‌ನಲ್ಲಿರುವ ಗ್ರಾಹಕರ ನಂಬರ್ ಬಗ್ಗೆಯೂ ಅದೇ ಮೇಲ್‌ನಲ್ಲಿ ಕೇಳಿ. ಕಸ್ಟಮರ್ ವಾಟ್ಸಾಪ್ ಗ್ರೂಪ್‌ನಿಂದ ಹೊರಬರುವ ಮುನ್ನ ಹಳೇ ಕಂಪನಿಯ ಸಹೋದ್ಯೋಗಿಯನ್ನು ಅಡ್ಮಿನ್ ಮಾಡಿ. ಹೊಸ ಕಂಪನಿಗೆ 12 ತಿಂಗಳ ಷರತ್ತನ್ನು ಮೊದಲೇ ತಿಳಿಸಿ, ಆ ಅವಧಿಗೆ ಬೇರೆ ಏರಿಯಾ ಕೇಳಿ. ನಮ್ಮ ಸೇಲ್ಸ್ ಎಂಜಿನಿಯರ್‌ಗೆ ಹೊಸೂರೋ ತುಮಕೂರೋ ಸಿಕ್ಕಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ನೋಟಿಸ್ ಬಂದೇಬಿಟ್ಟರೆ ವಾಟ್ಸಾಪ್‌ನಲ್ಲಿ ಉತ್ತರ ಕೊಡಲು ಹೋಗಬೇಡಿ. ವಕೀಲರ ಮೂಲಕ ತಕ್ಷಣ ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಅಡಿ ಕೇವಿಯಟ್ ಹಾಕಿಸಿ, ಅದರ ಪ್ರತಿ ಹಳೇ ಕಂಪನಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹೋಗಲಿ. 90 ದಿನ ಅದು ಜೀವಂತ; ಆ ಅವಧಿಯಲ್ಲಿ ನಿಮ್ಮನ್ನು ಕೇಳದೆ ತಡೆಯಾಜ್ಞೆ ಕೊಡುವಂತಿಲ್ಲ. ಆಮೇಲೂ ದಾವೆ ಬರಬಹುದು ಅನ್ನಿಸಿದರೆ ಹೊಸದಾಗಿ ಹಾಕಿಸಬೇಕು. ಏಕಪಕ್ಷೀಯ ಆದೇಶ ಈಗಾಗಲೇ ಆಗಿದ್ದರೆ ಅದನ್ನು ಮೀರಿ ಒಂದೇ ಒಂದು ಫೋನ್ ಮಾಡಿದರೂ ಆಸ್ತಿ ಜಪ್ತಿ, ಮೂರು ತಿಂಗಳವರೆಗೆ ಸಿವಿಲ್ ಜೈಲು ಎರಡಕ್ಕೂ ಅವಕಾಶವಿದೆ. ಆದೇಶ ತೆರವಿಗೆ ಅರ್ಜಿ ಹಾಕಿ. ಅದರ ತೀರ್ಮಾನ ಆಗುವವರೆಗೆ ಆ ಗ್ರಾಹಕರ ಕರೆಗಳನ್ನು ಹೊಸ ಕಂಪನಿಯ ಬೇರೊಬ್ಬರು ತೆಗೆದುಕೊಳ್ಳಲಿ ಎಂದರೂ ಸಾಲದು. ಹೊಸ ಕಂಪನಿಯೂ ಪ್ರತಿವಾದಿಯಾಗಿದ್ದರೆ ಆ ಆದೇಶ ಅವರಿಗೂ ಅನ್ವಯಿಸುತ್ತದೆಯೇ ಎಂದು ಮೊದಲು ಆದೇಶದ ಪ್ರತಿ ತರಿಸಿ ಓದಿಸಬೇಕು.