ಮೇಸ್ತ್ರಿ ಲೆಕ್ಕ, ಮೊಬೈಲ್ ಲೆಕ್ಕ, ಟೇಪಿನ ಲೆಕ್ಕ

ಹಾಸನದ ಹೊರಗಿರುವ ನಮ್ಮ ಸೈಟಿಗೆ ಹೋದ ಮಳೆಗಾಲದ ಕೊನೆಗೆ ಕಾಂಪೌಂಡ್ ಕಟ್ಟಿಸಿದೆ. ಕಲ್ಲಿನ ಪಾಯ ಮೊದಲೇ ಇತ್ತು. ಕಾಂಕ್ರೀಟ್ ಕಂಬಗಳನ್ನು ಬಿಟ್ಟರೆ ಇಟ್ಟಿಗೆ ಕೆಲಸ 60 ಅಡಿ ಉದ್ದ, 5 ಅಡಿ ಎತ್ತರ. ಒಂಬತ್ತಿಂಚಿನ ಗೋಡೆ, ಗಾರೆ 1:6, ಅಂದರೆ ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು. ಇಷ್ಟಕ್ಕೆ ಮೂರು ಲೆಕ್ಕ ಮುಂದಿತ್ತು.

ಮೇಸ್ತ್ರಿ ಗೋಡೆಯ ಜಾಗವನ್ನು ಒಂದು ಸಲ ನಡೆದು ನೋಡಿ ಹೇಳಿದರು: "ಅಡಿಗೆ ಹತ್ತು ಇಟ್ಟಿಗೆ ಸಾರ್, ಮೇಲೊಂದು ಮುನ್ನೂರು ಇರಲಿ. ಸಿಮೆಂಟ್ ಹನ್ನೆರಡು ಚೀಲ." ಅವರ ಅಡಿ ಅಂದರೆ ಚದರ ಅಡಿ, ಮುನ್ನೂರು ಚದರ ಅಡಿಗೆ ಒಟ್ಟು 3300 ಇಟ್ಟಿಗೆ. ಮೊಬೈಲ್ ಕ್ಯಾಲ್ಕುಲೇಟರ್ ವೇಸ್ಟೇಜ್ 5% ಸೇರಿಸಿಯೂ 2900 ಎಂದಿತು. ಸಿಮೆಂಟ್ 8 ಚೀಲ, ಮರಳು 60 ಘನ ಅಡಿ. ಇಟ್ಟಿಗೆಯಲ್ಲೇ ನಾನೂರು ವ್ಯತ್ಯಾಸ. ಮೇಸ್ತ್ರಿ ಜಾಸ್ತಿ ಹೇಳಿದ್ದಾರೆ ಅಂತಲೇ ಅಂದುಕೊಂಡೆ.

ಆಮೇಲೆ ಇಟ್ಟಿಗೆ ಗೂಡಿಗೆ ಟೇಪು ತೆಗೆದುಕೊಂಡು ಹೋದೆ. ಒಂದೇ ಇಟ್ಟಿಗೆ ಅಳೆದರೆ ಮೋಸ, ಒಂದೊಂದು ಒಂದೊಂದು ತರ ಇರುತ್ತದೆ. ಹತ್ತು ಇಟ್ಟಿಗೆ ಸಾಲಾಗಿ ಜೋಡಿಸಿ ಅಳೆದೆ: 85 ಇಂಚು. ಅಗಲ, ದಪ್ಪವನ್ನೂ ಹಾಗೇ ಅಳೆದಾಗ ಸರಾಸರಿ ಅಳತೆ 8.5 × 4 × 2.75 ಇಂಚು ಬಂತು. ಕ್ಯಾಲ್ಕುಲೇಟರ್ ತಾನಾಗಿಯೇ ಹಿಡಿದಿದ್ದ ಅಳತೆ 9 × 4 × 3. ಚಿಕ್ಕ ಇಟ್ಟಿಗೆಗೆ ಸಂಖ್ಯೆ ಜಾಸ್ತಿ ಬೇಕು, ಅಲ್ವಾ? ವೇಸ್ಟೇಜ್ ಸೇರಿಸಿಯೂ ಅದು ಕಮ್ಮಿ ಹೇಳಿದ್ದಕ್ಕೆ ಕಾರಣ ಇಷ್ಟೇ.

ನನ್ನ ಲೆಕ್ಕ ಹೀಗಿತ್ತು. ಅರ್ಧ ಇಂಚು ಗಾರೆ ಸೇರಿದರೆ ಗೋಡೆಯ ಮುಖದಲ್ಲಿ ಒಂದು ಇಟ್ಟಿಗೆ ಹಿಡಿಯುವ ಜಾಗ 9 × 3.25, ಅಂದರೆ 29.25 ಚದರ ಇಂಚು. 144ನ್ನು ಇದರಿಂದ ಭಾಗಿಸಿದರೆ 4.92. ಗೋಡೆಯ ದಪ್ಪಕ್ಕೆ ಎರಡು ಸಾಲು, ಹಾಗಾಗಿ ಚದರ ಅಡಿಗೆ 9.85. ಮುನ್ನೂರು ಚದರ ಅಡಿಗೆ ಸುಮಾರು 2955. ಮೇಸ್ತ್ರಿಯ ಹತ್ತು ಸುಮ್ನೆ ಬಾಯಿಮಾತಲ್ಲ, ಈ ಭಾಗದ ಇಟ್ಟಿಗೆಗೆ ಸರಿಯಾಗಿ ಕೂತ ಲೆಕ್ಕ!

3200 ತರಿಸಿದೆ. ಕೆಲಸ ಮುಗಿದಾಗ 90 ಉಳಿಯಿತು. ಅಂದರೆ ಹೋಗಿದ್ದು 3110, ವೇಸ್ಟೇಜ್ 5%. ಹೆಚ್ಚಿನದು ಇಳಿಸುವಾಗಲೇ ಒಡೆದದ್ದು. ಆದರೆ ಒಡೆದದ್ದೆಲ್ಲ ದಂಡವಲ್ಲ, ಸಾಲಿನ ಕೊನೆಗೆ ಅರ್ಧ ಇಟ್ಟಿಗೆ ಬೇಕೇ ಬೇಕು. ತುಂಡುಗಳನ್ನು ಬೇರೆ ಗುಡ್ಡೆ ಹಾಕಿಸದಿದ್ದರೆ ಹುಡುಗರು ಹೊಸದನ್ನೇ ಒಡೆದು ಅರ್ಧ ಮಾಡುತ್ತಾರೆ. ಕ್ಯಾಲ್ಕುಲೇಟರ್ ನಂಬಿ 2900 ತರಿಸಿದ್ದರೆ ಕೊನೆಯ ಇನ್ನೂರಕ್ಕೆ ಮತ್ತೊಂದು ಗಾಡಿ ಬಾಡಿಗೆ ಕೊಡಬೇಕಿತ್ತು.

ಸಿಮೆಂಟಿನಲ್ಲಿ ಕತೆ ಬೇರೆ. ಒಂಬತ್ತಿಂಚು ಅಂದರೂ ಈ ಇಟ್ಟಿಗೆಗೆ ಗೋಡೆಯ ನಿಜವಾದ ದಪ್ಪ ಎಂಟೂವರೆ ಇಂಚು, ಅದರಲ್ಲಿ ಇಟ್ಟಿಗೆಯ ಗಾತ್ರ ಕಳೆದರೆ ಗಾರೆ ಸುಮಾರು 53 ಘನ ಅಡಿ. ಕಲಸುವ ಮುಂಚಿನ ಒಣ ಲೆಕ್ಕಕ್ಕೆ ಮೂರನೇ ಒಂದು ಭಾಗ ಕೂಡಿಸಿದರೆ 70. ಏಳು ಪಾಲು ಮಾಡಿದರೆ ಸಿಮೆಂಟ್ 10, ಮರಳು 60. ಚೀಲಕ್ಕೆ ಸುಮಾರು 1.25 ಘನ ಅಡಿ ಅಂದರೆ 8 ಚೀಲ. ಇಲ್ಲಿ ಮೊಬೈಲ್ ಸರಿ. ಬಿದ್ದುಹೋಗುವ ಗಾರೆಗೆ ಅಂತ ನಾನು 9 ಹಿಡಿದೆ. ಹಾಗಾದರೆ ಮೇಸ್ತ್ರಿಯ ಹನ್ನೆರಡು? ಕೇಳಿದೆ. "ರೋಡಿನ ಕಡೆ ಪ್ಲಾಸ್ಟರಿಂಗ್ ಮಾಡ್ಬೇಕಲ್ಲ ಸಾರ್, ಅದೂ ಸೇರಿ." ಒಂದು ಮುಖಕ್ಕೆ ಅರ್ಧ ಇಂಚಿನ ಪ್ಲಾಸ್ಟರಿಂಗಿಗೆ ಎರಡೂವರೆ ಚೀಲ ಬೇಕು. ಲೆಕ್ಕ ಕೂಡಿಬಂತು. ಕೇಳದೇ ಹೋಗಿದ್ದರೆ ಸುಮ್ನೆ ಅನುಮಾನ ಪಡುತ್ತಿದ್ದೆ.

ಆದರೂ ಎರಡನೇ ದಿನ ಸಿಮೆಂಟ್ ಅಂದಾಜಿಗಿಂತ ಬೇಗ ಖಾಲಿಯಾಗುತ್ತಿತ್ತು. ಕಾರಣ ಒದ್ದೆ ಎಂ ಸ್ಯಾಂಡ್. ತೇವ ಇರುವ ಮರಳು ಉಬ್ಬಿರುತ್ತದೆ. ನೇರ ಗೋಡೆಯ ಡಬ್ಬಕ್ಕೆ ಆ ಮರಳನ್ನು 10 ಇಂಚು ಎತ್ತರಕ್ಕೆ ತುಂಬಿ ಅಳೆದೆ. ಹೊರಗೆ ಸುರಿದು, ಡಬ್ಬಕ್ಕೆ ಅರ್ಧ ನೀರು ಹಾಕಿ, ಅದೇ ಮರಳನ್ನು ವಾಪಸ್ ಹಾಕಿ ಕಲಕಿದೆ. ಕೆಳಗೆ ಕೂತಾಗ 8 ಇಂಚು! ಅಂದರೆ ಆರು ಬಾಂಡ್ಲಿ ಹಾಕಿದರೂ ನಿಜವಾದ ಮರಳು ಐದು ಬಾಂಡ್ಲಿಯೂ ಇಲ್ಲ. ಹೀಗೇ ಬಿಟ್ಟಿದ್ದರೆ ಎಂಟು ಚೀಲದ ಕೆಲಸಕ್ಕೆ ಹತ್ತು ಹತ್ತಿರ ಹೋಗುತ್ತಿತ್ತು. ಅವತ್ತಿನಿಂದ ಏಳೂವರೆ ಬಾಂಡ್ಲಿ ಹಾಕಿಸಿದೆ. ಮೇಸ್ತ್ರಿ ಮೊದಲು ಒಪ್ಪಲಿಲ್ಲ, ಡಬ್ಬ ನೋಡಿದ ಮೇಲೆ ಸುಮ್ಮನಾದರು. ಗೋಡೆಗೆ ಕೊನೆಗೆ ಹೋಗಿದ್ದು ಒಂಬತ್ತೂವರೆ ಚೀಲ.

ಮರಳು ತರಿಸುವಾಗಲೂ ಈ ಉಬ್ಬು ಲೆಕ್ಕಕ್ಕೆ ಬರಬೇಕು. ಮೊಬೈಲಿನ 60 ಒಣ ಮರಳಿನ ಲೆಕ್ಕ. ತೇವದ್ದಾದರೆ ಅದೇ 75, ಚೆಲ್ಲಿ ಹೋಗುವುದು ಸೇರಿ 80ರ ಮೇಲೆ. ನಾನು ಮೊದಲು ತರಿಸಿದ್ದ ಟ್ರೇಲರಿನಲ್ಲಿ ಮಟ್ಟ ಮಾಡಿ ಅಳೆದಾಗ 10 × 6 ಅಡಿ, ಎತ್ತರ 16 ಇಂಚು, ಅಂದರೆ ಸರಿಯಾಗಿ 80. ಕೊನೆಯ ಎರಡು ಸಾಲಿಗೆ ಪಕ್ಕದ ಸೈಟಿನವರಿಂದ ಹತ್ತು ಬಾಂಡ್ಲಿ ಸಾಲ ತಂದೆವು.

ಇನ್ನೊಮ್ಮೆ ಕಟ್ಟಿಸಿದರೆ ಇಟ್ಟಿಗೆಗೆ ಮೇಸ್ತ್ರಿಯ ಮಾತು ಕೇಳುತ್ತೇನೆ, ಟೇಪಿನಿಂದ ಒಮ್ಮೆ ಪರೀಕ್ಷಿಸಿ. ಸಿಮೆಂಟಿಗೆ ಮೊಬೈಲ್ ಸಾಕು, ಒಂದು ಚೀಲ ಸೇರಿಸಿದರೆ ಆಯ್ತು. ಮರಳಿಗೆ ಮಾತ್ರ ಡಬ್ಬ.