ಲ್ಯಾಪ್‌ಟಾಪ್ ಮೇಲೆ ಚಹಾ ಚೆಲ್ಲಿತಾ? ಒರೆಸೋ ಮುಂಚೆ ಆಫ್ ಮಾಡಿ

ನನ್ನ ತಮ್ಮನ ಲ್ಯಾಪ್‌ಟಾಪ್ ಕೆಟ್ಟಿದ್ದು ಚಹಾ ಚೆಲ್ಲಿದಾಗ ಅಲ್ಲ, ಮಾರನೇ ದಿನ ಬೆಳಿಗ್ಗೆ.

ಅರ್ಧ ಲೋಟ ಚಹಾ, ಹಾಲು ಸಕ್ಕರೆ ಹಾಕಿದ್ದು, ಎಂಟರ್ ಕೀ ಹತ್ತಿರ ಬಿತ್ತು. ಸ್ಕ್ರೀನ್ ಆರಲಿಲ್ಲ, ಟೈಪ್ ಮಾಡಿದರೆ ಅಕ್ಷರ ಬರುತ್ತಿತ್ತು. ಅವನು ಬಟ್ಟೆ ತಂದು ಒರೆಸಿದ, ಫೈಲ್ ಸೇವ್ ಮಾಡಿದ, ಮುಚ್ಚಳ ಮುಚ್ಚಿ ಫ್ಯಾನ್ ಕೆಳಗೆ ಇಟ್ಟ. ಬೆಳಿಗ್ಗೆ ಕೀಗಳೆಲ್ಲ ಒಣಗಿದ್ದವು. ಚಾರ್ಜರ್ ಹಾಕಿ ಬಟನ್ ಒತ್ತಿದ. ಲೈಟ್ ಒಂದು ಸಲ ಮಿಣುಕಿತು, ಸುಟ್ಟ ವಾಸನೆ ಬಂತು, ಕಥೆ ಮುಗೀತು.

ರಿಪೇರಿ ಮಾಡುವವರು ಕೆಳಗಿನ ಕವರ್ ಬಿಚ್ಚಿ ನಮಗೇ ತೋರಿಸಿದರು. ಒಳಗಿನ ಸರ್ಕ್ಯೂಟ್ ಬೋರ್ಡಿನ ಒಂದು ಮೂಲೆಯಲ್ಲಿ ಕಂದು ಬಣ್ಣದ ಅಂಟು. ಅದರ ಅಂಚಿನಲ್ಲಿ ಸಣ್ಣ ಸಣ್ಣ ಬಿಡಿಭಾಗಗಳ ಕಾಲುಗಳಿಗೆ ಹಸಿರು ಪುಡಿ ಕಟ್ಟಿತ್ತು. ಒಂದು ಚಿಪ್ ಪಕ್ಕದಲ್ಲಿ ಕಪ್ಪಗೆ ಸುಟ್ಟ ಗುರುತು. ಒಂದೇ ರಾತ್ರಿಗೆ ಇಷ್ಟಾಗುತ್ತಾ ಅಂತ ಕೇಳಿದೆ. ಕರೆಂಟ್ ಇದ್ದರೆ ಆಗುತ್ತೆ ಅಂದರು.

ಜಾಸ್ತಿ ಜನಕ್ಕೆ ಗೊತ್ತಿಲ್ಲದ ವಿಷಯ ಇದೇ. ಮುಚ್ಚಳ ಮುಚ್ಚಿದರೆ ಲ್ಯಾಪ್‌ಟಾಪ್ ಸಾಮಾನ್ಯವಾಗಿ ಸ್ಲೀಪ್‌ಗೆ ಹೋಗುತ್ತೆ ಅಷ್ಟೇ, ಆಫ್ ಆಗಲ್ಲ. ಪೂರ್ತಿ ಆಫ್ ಮಾಡಿದರೂ ಬ್ಯಾಟರಿ ಒಳಗೇ ಇರುವುದರಿಂದ ಬೋರ್ಡಿನ ಕೆಲವು ಕಡೆ ಕರೆಂಟ್ ಇದ್ದೇ ಇರುತ್ತೆ. ಪವರ್ ಬಟನ್ ಒತ್ತಿದ್ದು ಅದಕ್ಕೆ ಗೊತ್ತಾಗಬೇಕಲ್ವಾ? ಒದ್ದೆ ಇರುವ ಕಡೆ ಕರೆಂಟ್ ಹರಿದರೆ ಲೋಹ ಬೇಗ ಬೇಗ ಸವೆಯುತ್ತೆ. ಇನ್ನು ಚಹಾದ ನೀರು ಆರಿದರೂ ಹಾಲು ಸಕ್ಕರೆ ಅಲ್ಲೇ ಉಳಿಯುತ್ತೆ. ಅದು ಗಾಳಿಯ ತೇವ ಎಳೆದುಕೊಂಡು ಮತ್ತೆ ಒದ್ದೆಯಾಗುತ್ತೆ. ಹಾಗಾಗಿ ಕೀಬೋರ್ಡ್ ಮೇಲಿಂದ ಮುಟ್ಟಿ ನೋಡಿ ಒಣಗಿದೆ ಅನ್ನುವುದಕ್ಕೆ ಅರ್ಥವೇ ಇಲ್ಲ.

ಚೆಲ್ಲಿದ ಕೂಡಲೇ ಮೊದಲು ಚಾರ್ಜರ್ ತೆಗೆಯಿರಿ. ಪ್ಲಗ್ ಅಥವಾ ವೈರ್ ಒದ್ದೆಯಾಗಿದ್ದರೆ ಅದನ್ನು ಮುಟ್ಟದೆ ಗೋಡೆಯ ಸ್ವಿಚ್ ಆಫ್ ಮಾಡಿ. ಆಮೇಲೆ ಪವರ್ ಬಟನ್ ಒತ್ತಿ ಹಿಡಿಯಿರಿ, 10 ಸೆಕೆಂಡ್ ಆದರೂ, ಸ್ಕ್ರೀನ್ ಮತ್ತು ಲೈಟ್ ಎಲ್ಲ ಆರುವ ತನಕ. ಮೆನುಗೆ ಹೋಗಿ ಶಟ್‌ಡೌನ್ ಮಾಡುತ್ತಾ ಕೂರಬೇಡಿ. ಫೈಲ್ ಸೇವ್ ಮಾಡುವ ಆಸೆಯನ್ನೂ ಬಿಡಿ. ಹೋದರೆ ಸೇವ್ ಆಗದ ಆ ಸ್ವಲ್ಪ ಭಾಗ ಹೋಗುತ್ತೆ. ಬೋರ್ಡ್ ಸತ್ತರೂ ತುಂಬಾ ಮಾಡೆಲ್‌ಗಳಲ್ಲಿ ಫೈಲ್‌ಗಳೆಲ್ಲ ಇರುವ ಎಸ್‌ಎಸ್‌ಡಿ ಬಿಚ್ಚಿ ಹಳೇ ಡೇಟಾ ತೆಗೆಯಬಹುದು. ತಮ್ಮನ ಡೇಟಾ ಹಾಗೇ ಸಿಕ್ಕಿತು. ಆದರೆ ಕೆಲವು ಮಾಡೆಲ್‌ಗಳಲ್ಲಿ ಅದು ಬೋರ್ಡಿಗೇ ಬೆಸುಗೆ ಹಾಕಿರುತ್ತೆ, ಅಲ್ಲಿ ಇಷ್ಟು ಸುಲಭ ಅಲ್ಲ.

ಆಫ್ ಆದ ಮೇಲೆ ಯುಎಸ್‌ಬಿಗೆ ಸಿಕ್ಕಿಸಿದ್ದನ್ನೆಲ್ಲ ಕಿತ್ತು, ಮೇಲಿರುವುದನ್ನು ಒತ್ತದೆ ಬಟ್ಟೆಗೆ ಹೀರಿಸಿ. ನಂತರ ಮುಚ್ಚಳವನ್ನು ಆದಷ್ಟು ಅಗಲ ತೆರೆದು, ಕೀಬೋರ್ಡ್ ಕೆಳಮುಖವಾಗುವ ಹಾಗೆ ಒಣ ಟವೆಲ್ ಮೇಲೆ ಗುಡಾರದಂತೆ ನಿಲ್ಲಿಸಿ. ಒಳಗೆ ಹೋದದ್ದು ಬೋರ್ಡಿನ ಕಡೆ ಇಳಿಯದೆ ಬಂದ ದಾರಿಯಲ್ಲೇ ಹೊರಗೆ ಬರಬೇಕು. ಅಲುಗಾಡಿಸಿ ಕೊಡವಬೇಡಿ, ಇನ್ನೂ ಒದ್ದೆಯಾಗದ ಜಾಗಕ್ಕೂ ಹರಡುತ್ತೆ. ಹೇರ್ ಡ್ರೈಯರ್ ಬೇಡ. ಅದರ ಬಿಸಿಗೆ ಕೀಗಳು ಸೊಟ್ಟಗಾಗಬಹುದು, ಗಾಳಿ ನೀರನ್ನು ಇನ್ನೂ ಒಳಕ್ಕೆ ತಳ್ಳಬಹುದು. ಅಕ್ಕಿ ಡಬ್ಬಿಯಲ್ಲಿ ಹೂತಿಡುವುದಂತೂ ಸುಮ್ನೆ. ಅಕ್ಕಿ ಸಕ್ಕರೆಯನ್ನು ಎಳೆಯುವುದಿಲ್ಲ, ಅದರ ಧೂಳು ಮಾತ್ರ ಪೋರ್ಟ್‌ಗಳಿಗೆ ತುಂಬುತ್ತೆ.

ಕವರಿನ ಸ್ಕ್ರೂ ಬಿಚ್ಚಿ ಅಭ್ಯಾಸ ಇರುವವರು ಬೇಗ ಬಿಚ್ಚಿ ಬ್ಯಾಟರಿ ಕನೆಕ್ಟರ್ ಬಿಡಿಸುವುದು ಒಳ್ಳೆಯದು. ಅಭ್ಯಾಸ ಇಲ್ಲದವರು ಅವತ್ತೇ ರಿಪೇರಿಗೆ ಕೊಡಿ. ಬ್ಯಾಟರಿ ಬಿಸಿಯಾಗಿದ್ದರೆ, ಉಬ್ಬಿದ್ದರೆ ಅಥವಾ ವಿಚಿತ್ರ ವಾಸನೆ ಬರುತ್ತಿದ್ದರೆ ಬಿಚ್ಚುವ ಸಾಹಸ ಬೇಡ, ದೂರ ಇರಿ.

ಬಿದ್ದದ್ದು ಬರೀ ನೀರು, ಅದೂ ನಾಲ್ಕು ಹನಿ ಆದರೆ ಕಡಿಮೆ ಅಂದರೂ 48 ಗಂಟೆ ಹಾಗೇ ಬಿಟ್ಟು ಆಮೇಲೆ ಆನ್ ಮಾಡಿ ನೋಡಬಹುದು. ಆಗಲೂ ಅಪಾಯ ಪೂರ್ತಿ ತಪ್ಪಿದ್ದಲ್ಲ. ಚಹಾ, ಕಾಫಿ, ಜ್ಯೂಸ್ ಆದರೆ ಎಷ್ಟು ದಿನ ಒಣಗಿಸಿದರೂ ರಿಪೇರಿಯವರಿಂದ ಬೋರ್ಡ್ ತೊಳೆಸದೆ ಆನ್ ಮಾಡಬೇಡಿ. "ಕೆಲಸ ಮಾಡುತ್ತಾ ಅಂತ ಒಂದೇ ಸಲ ನೋಡೋಣ" ಅನ್ನುವುದೇ ತಮ್ಮನ ಲ್ಯಾಪ್‌ಟಾಪನ್ನು ಮುಗಿಸಿದ್ದು.

ಅಂಗಡಿಯಲ್ಲಿ ಏನು ಚೆಲ್ಲಿತು, ಯಾವ ಕಡೆ ಬಿತ್ತು, ಆಮೇಲೆ ಆನ್ ಮಾಡಿದಿರಾ ಇಲ್ಲವಾ, ಎಲ್ಲ ಇದ್ದ ಹಾಗೇ ಹೇಳಿ. ಎಷ್ಟೋ ಮಾಡೆಲ್‌ಗಳ ಒಳಗೆ ನೀರು ತಾಗಿದರೆ ಕೆಂಪಾಗುವ ಸ್ಟಿಕ್ಕರ್ ಇರುತ್ತೆ, ಮುಚ್ಚಿಟ್ಟರೂ ಗೊತ್ತಾಗುತ್ತೆ. ಬರೀ ಬ್ಲೋವರ್ ಹಿಡಿದು ವಾಪಸ್ ಕೊಡುತ್ತೇವೆ ಅಂದರೆ ಒಪ್ಪಬೇಡಿ. ಬ್ಯಾಟರಿ ಬಿಡಿಸಿ, ಬೋರ್ಡ್ ಹೊರಗೆ ತೆಗೆದು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆಯುತ್ತೀರಾ ಅಂತ ಕೇಳಿ, ಹೂಂ ಅಂದರೆ ಮಾತ್ರ ಕೊಡಿ.